ಮಹಾಳಿ ಸರ್ವೇ ಕೋಷ್ಟಕ: ಶೇಕಡಾ ಅಡ್ಡಕ್ಕೆ ತೆಗೆಯಬೇಕಾ, ಉದ್ದಕ್ಕೆ ತೆಗೆಯಬೇಕಾ?

ಎಂಕಾಂ_ಕುಂಬಳೆ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಎಂ.ಕಾಂ. ಪ್ರಾಜೆಕ್ಟಿಗೆ ಅಡಿಕೆ ಬೆಳೆಗಾರರ ಸರ್ವೇ ಮಾಡಿದ್ದೇವೆ. ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ 200 ತೋಟ. ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಬಿಟ್ಟಿದ್ದರಾ ಅಂತ ಒಂದು ಪ್ರಶ್ನೆ. ಆ ವರ್ಷ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಜೋರಾಗಿತ್ತಾ ಅಂತ ಇನ್ನೊಂದು. ಎರಡನ್ನೂ ಸೇರಿಸಿದಾಗ ಬಂದ ಕೋಷ್ಟಕ ಇದು:

| | ಮಹಾಳಿ ಜೋರು | ಮಹಾಳಿ ಇಲ್ಲ / ಅಲ್ಪ | ಒಟ್ಟು |
|---|---|---|---|
| ಮಳೆಗೆ ಮೊದಲೇ ಮದ್ದು | 40 | 120 | 160 |
| ತಡವಾಗಿ ಮದ್ದು / ಮದ್ದೇ ಇಲ್ಲ | 24 | 16 | 40 |
| ಒಟ್ಟು | 64 | 136 | 200 |

ಈಗ ಜಗಳ ಏನೆಂದರೆ, ಗುಂಪಿನ ಒಬ್ಬ ವರದಿಯಲ್ಲಿ ಹೀಗೆ ಬರೆದಿದ್ದಾನೆ: "ಮಹಾಳಿ ಜೋರಾಗಿದ್ದ ತೋಟಗಳಲ್ಲಿ ಶೇ. 62.5ರಷ್ಟು ಸಕಾಲಕ್ಕೆ ಮದ್ದು ಬಿಟ್ಟವೇ. ಆದ್ದರಿಂದ ಮದ್ದಿನಿಂದ ಹೇಳುವಂಥ ಪ್ರಯೋಜನ ಕಾಣಲಿಲ್ಲ." 40 ಭಾಗಿಸು 64, ಲೆಕ್ಕ ಸರಿಯಾಗಿಯೇ ಇದೆ. ನಾನು ಅಡ್ಡಸಾಲಿನಲ್ಲಿ ತೆಗೆದರೆ ಬೇರೆಯೇ ಕಥೆ. ಮೊದಲೇ ಬಿಟ್ಟವರಲ್ಲಿ ಶೇ. 25 ಮಂದಿಗೆ ಮಹಾಳಿ, ತಡ ಮಾಡಿದವರಲ್ಲಿ ಶೇ. 60. ಅವನದ್ದೂ ಅದೇ ಕೋಷ್ಟಕ, ನನ್ನದೂ ಅದೇ ಕೋಷ್ಟಕ. ಗೈಡ್ ಅವರು "ಎರಡೂ ಹಾಕಿಬಿಡಿ" ಅಂತಾರೆ. ಎರಡೂ ಹಾಕಿದರೆ ಓದುವವರು ಯಾವುದನ್ನು ನಂಬಬೇಕು?

---

ಪೆರ್ಲ_ಪಿವೋಟ್

ಇದಕ್ಕೆ ಒಂದೇ ನಿಯಮ ನೆನಪಿಟ್ಟುಕೊಳ್ಳಿ ತಂಗಿ. ಯಾವುದು ಕಾರಣವೋ ಅದರ ಒಳಗೆ ಶೇಕಡಾ ತೆಗೆಯಬೇಕು. ಇಲ್ಲಿ ಮದ್ದು ಕಾರಣ, ರೋಗ ಪರಿಣಾಮ. ಮದ್ದು ನಿಮ್ಮ ಕೋಷ್ಟಕದಲ್ಲಿ ಅಡ್ಡಸಾಲಿನಲ್ಲಿದೆ. ಹಾಗಾಗಿ ಅಡ್ಡಸಾಲಿನ ಶೇಕಡಾ. ನಿಮ್ಮದೇ ಸರಿ, ಗೆಳೆಯನದ್ದು ತಪ್ಪು. ಕಾಲಂ ಶೇಕಡಾ ತೆಗೆದು ಬಿಸಾಡಿ.

ಎಕ್ಸೆಲ್‌ನಲ್ಲಿ ಪಿವೋಟ್ ಮಾಡಿ, ಅಂಕಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ `Show Values As` ಬರುತ್ತದೆ. ಅದರಲ್ಲಿ `% of Row Total` ಒತ್ತಿ, ಮುಗಿಯಿತು. `% of Grand Total` ಒತ್ತಿದರೆ 40ನ್ನು 200ರಿಂದ ಭಾಗಿಸಿ ಶೇ. 20 ಅಂತ ಕೊಡುತ್ತದೆ. ಅದು ಮೂರನೇ ಗೊಂದಲ, ಆ ಕಡೆ ಹೋಗಲೇಬೇಡಿ. ಪೈಥಾನ್ ಬಳಸುವವರಿಗೆ:

```
pd.crosstab(df["maddu"], df["mahali"], normalize="index")
```

`index` ಅಂದರೆ ಅಡ್ಡಸಾಲು. ಅಲ್ಲಿ `"columns"` ಅಂತ ಕೊಟ್ಟರೆ ನಿಮ್ಮ ಗೆಳೆಯನ ಅಂಕಿ ಬರುತ್ತದೆ.

---

ತೋಟದಮನೆ_ಮಾವ

ಶೇಕಡಾ ಗಿಕಡಾ ನನಗೆ ಗೊತ್ತಾಗುವುದಿಲ್ಲ ಮಕ್ಕಳೇ. ಆದರೆ ಬೋರ್ಡೋದಿಂದ ಪ್ರಯೋಜನ ಇಲ್ಲ ಅಂತ ಯಾರು ಹೇಳಿದ್ದು? ನಮ್ಮಲ್ಲಿ ಮೇ ಕೊನೆಗೆ ಒಂದು ಸಲ ಬಿಟ್ಟು, 40-45 ದಿನ ಕಳೆದು ಇನ್ನೊಂದು ಸಲ ಬಿಡದಿದ್ದರೆ ಅಂಗಳದಲ್ಲಿ ಒಣಗಿಸಲು ಅಡಿಕೆಯೇ ಇರುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಹಳೆಯದಾಗಿ ಪುಡಿಯಾಗಿದ್ದರೆ ಅದು ಕೆಲಸಕ್ಕೆ ಬಾರದು. ಮಿಶ್ರಣಕ್ಕೆ ಚೆನ್ನಾಗಿ ತಿಕ್ಕಿದ ಕತ್ತಿ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಕತ್ತಿ ಅದ್ದಿ ನೋಡುವವರು ಈಗ ಎಷ್ಟು ಮಂದಿ ಇದ್ದಾರೆ? ದೋಟಿ ಹಿಡಿದು ಮದ್ದು ಬಿಡುವ ಹುಡುಗರು ಬಂದ ಮೇಲೆ ಡ್ರಮ್ಮಿನಲ್ಲಿ ಏನಿದೆ ಅಂತ ಯಾರೂ ಇಣುಕುವುದಿಲ್ಲ.

ನಿಮ್ಮ ಆ 40 ತೋಟದವರು ಮೊದಲೇ ಬಿಟ್ಟೂ ಮಹಾಳಿ ಬಂತು ಅಂತಾದರೆ ಸುಣ್ಣ ಎಲ್ಲಿಂದ ತಂದರು ಅಂತ ಕೇಳಿದ್ದೀರಾ?

---

ಎಂಕಾಂ_ಕುಂಬಳೆ

ಇಲ್ಲ ಮಾವ, ಸುಣ್ಣದ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬಿಟ್ಟ ಸಮಯ ಮಾತ್ರ ಕೇಳಿದೆವು. ಎರಡನೇ ಸಲ ಬಿಟ್ಟಿದ್ದನ್ನೂ ಕೇಳಿಲ್ಲ.

---

ಲೆಕ್ಕದಕ್ಕ

ಮಾವ ಹೇಳಿದ್ದನ್ನು ಪಕ್ಕಕ್ಕಿಡಬೇಡಿ, ಕೊನೆಗೆ ಅದು ಬೇಕಾಗುತ್ತದೆ. ಕೆಟ್ಟ ಸುಣ್ಣ ಹಾಕಿ ಮೇ ತಿಂಗಳಲ್ಲೇ ಬಿಟ್ಟವನೂ ನಿಮ್ಮ ಕೋಷ್ಟಕದಲ್ಲಿ "ಮೊದಲೇ ಮದ್ದು" ಸಾಲಿಗೇ ಬೀಳುತ್ತಾನೆ. ಒಂದೇ ಸಲ ಬಿಟ್ಟವನೂ ಅಲ್ಲಿಗೇ. ಮದ್ದಿನ ಗುಣ ಇರುವುದಕ್ಕಿಂತ ಕಡಿಮೆ ಕಾಣಲು ಅಷ್ಟು ಸಾಕು.

ಈಗ ಶೇಕಡಾ ವಿಷಯ. ನಾನು ಬಹಳ ವರ್ಷ ಮನೆ ಮನೆ ಸರ್ವೇಗಳ ಕೋಷ್ಟಕ ಮಾಡುವ ಕೆಲಸದಲ್ಲಿದ್ದೆ. ಪಿವೋಟ್ ತಮ್ಮ ಹೇಳಿದ ನಿಯಮ ತುಂಬ ಕಡೆ ನಡೆಯುತ್ತದೆ. ಆದರೆ "ಕಾಲಂ ಶೇಕಡಾ ಬಿಸಾಡಿ" ಅನ್ನುವುದು ಸರಿಯಲ್ಲ. ಮೊದಲು ಗೆಳೆಯನ ವಾಕ್ಯ ನೋಡಿ. ಅವನು ಕಾಲಂ ಶೇಕಡಾ ತೆಗೆದದ್ದು ತಪ್ಪಲ್ಲ. ಅದನ್ನು ಯಾವುದರ ಜೊತೆ ಹೋಲಿಸಿದ ಅನ್ನುವುದರಲ್ಲಿ ಎಡವಿದ್ದಾನೆ. 62.5ನ್ನು ಅದೇ ಕಾಲಂನ 37.5ರ ಜೊತೆ ಇಟ್ಟು, "ಅರ್ಧಕ್ಕಿಂತ ಜಾಸ್ತಿ ಮದ್ದು ಬಿಟ್ಟವರೇ" ಅಂದ. ಆದರೆ 200 ತೋಟದಲ್ಲಿ 160 ತೋಟದವರು ಮೊದಲೇ ಮದ್ದು ಬಿಟ್ಟಿದ್ದಾರೆ, ಅಂದರೆ ಶೇ. 80. ಮದ್ದು ಬಿಟ್ಟವರೇ ಅಷ್ಟು ಜನ ಇರುವಾಗ ರೋಗ ಬಂದವರಲ್ಲೂ ಅವರೇ ಹೆಚ್ಚು ಕಾಣುವುದು ಸಹಜ ಅಲ್ವಾ?

ಕಾಲಂ ಒಳಗೆ ಶೇಕಡಾ ತೆಗೆದರೆ ಹೋಲಿಕೆಯನ್ನು ಪಕ್ಕದ ಕಾಲಂ ಜೊತೆ ಮಾಡಬೇಕು. ರೋಗ ಬಂದವರಲ್ಲಿ ಮೊದಲೇ ಮದ್ದು ಬಿಟ್ಟವರು ಶೇ. 62.5. ರೋಗ ಬಾರದವರಲ್ಲಿ 120 ಭಾಗಿಸು 136, ಅಂದರೆ ಶೇ. 88.2. ಈಗ ಓದಿ ನೋಡಿ. ಚೆನ್ನಾಗಿರುವ ತೋಟಗಳಲ್ಲಿ ಮದ್ದು ಜಾಸ್ತಿ, ಕೆಟ್ಟ ತೋಟಗಳಲ್ಲಿ ಕಡಿಮೆ. ಅವನ ಶೇಕಡಾ ಕೂಡ ಮದ್ದಿನ ಪರವಾಗಿಯೇ ಮಾತಾಡುತ್ತಿದೆ.

---

ಮುಳ್ಳೇರಿಯ_ಮಾಷ್ಟ್ರು

ಅಕ್ಕ ಹೇಳಿದ್ದು ನಮ್ಮ ಶಾಲೆಗೂ ಹೊಂದುತ್ತದೆ. ಕನ್ನಡ ಮಾಧ್ಯಮ ಬಿಟ್ಟು ಬೇರೆ ಶಾಲೆಗೆ ಹೋದ ಮಕ್ಕಳ ಲೆಕ್ಕ ಪಿಟಿಎ ಸಭೆಯಲ್ಲಿ ಬಂತು. ನೂರು ಮಕ್ಕಳಲ್ಲಿ 30 ಮಂದಿ ಬಿಟ್ಟಿದ್ದರು, ಅವರಲ್ಲಿ 21 ಮಂದಿ ಬಸ್ಸಿನಲ್ಲಿ ಬರುತ್ತಿದ್ದವರು. ಕೂಡಲೇ ಒಬ್ಬರು ಎದ್ದು ನಿಂತು "ಬಿಟ್ಟವರಲ್ಲಿ ಶೇ. 70 ಬಸ್ಸಿನ ಮಕ್ಕಳು, ದೂರವೇ ಕಾರಣ, ಶಾಲಾ ವ್ಯಾನ್ ತರಿಸಿ" ಅಂದರು. ಎಲ್ಲರೂ ತಲೆಯಾಡಿಸಿದರು. ಉಳಿದ 70 ಮಕ್ಕಳಲ್ಲಿ ಎಷ್ಟು ಮಂದಿ ಬಸ್ಸಿನವರು ಅಂತ ನೋಡಿದರೆ 49. ಅದೂ ಶೇ. 70ವೇ! ಬಸ್ಸಿಗೂ ಶಾಲೆ ಬಿಟ್ಟದ್ದಕ್ಕೂ ಆ ಲೆಕ್ಕದಲ್ಲಿ ಏನೂ ಸಂಬಂಧ ಇಲ್ಲ. ವ್ಯಾನ್ ಮಾತ್ರ ಇನ್ನೂ ಚರ್ಚೆಯಲ್ಲಿದೆ. ಮಕ್ಕಳು ಯಾಕೆ ಬಿಡುತ್ತಾರೆ ಅನ್ನುವುದು ನಮ್ಮ ಗಡಿನಾಡಿನಲ್ಲಿ ಬೇರೆಯೇ ದೊಡ್ಡ ವಿಷಯ, ಅದಕ್ಕೆ ಇನ್ನೊಂದು ಚರ್ಚೆ ತೆಗೆಯೋಣ.

---

ಓದುಗ_ಉಪ್ಪಳ

ಕಾಲಂ ಶೇಕಡಾವೂ ಮದ್ದಿನ ಪರ, ಅಡ್ಡಸಾಲೂ ಮದ್ದಿನ ಪರ. ಹಾಗಾದರೆ ಯಾವುದಾದರೇನು? ಸುಮ್ನೆ ಒಂದು ಹಾಕಿ ಮುಗಿಸಿ. ಇಷ್ಟುದ್ದ ಯಾಕೆ?

---

ಲೆಕ್ಕದಕ್ಕ

ಉಪ್ಪಳದವರೇ, ದಿಕ್ಕು ಎರಡರಲ್ಲೂ ಒಂದೇ, ನಿಜ. ಆದರೆ ಎರಡೂ ಉತ್ತರ ಕೊಡುವ ಪ್ರಶ್ನೆಗಳು ಬೇರೆ.

ಒಬ್ಬ ಬೆಳೆಗಾರ ಬಂದು "ಈ ವರ್ಷ ತಡ ಮಾಡಿದರೆ ನನ್ನ ತೋಟಕ್ಕೆ ಮಹಾಳಿ ಬರುವ ಸಂಭವ ಎಷ್ಟು?" ಅಂತ ಕೇಳುತ್ತಾನೆ. ಅವನು ನಿಂತಿರುವುದು "ತಡ" ಅನ್ನುವ ಸಾಲಿನಲ್ಲಿ. ಅವನಿಗೆ ಬೇಕಾದದ್ದು ಆ ಸಾಲಿನ ಶೇಕಡಾ. ಪರಿಹಾರದ ಅರ್ಜಿ ನೋಡುವ ಅಧಿಕಾರಿಯ ಪ್ರಶ್ನೆ ಬೇರೆ. "ಸಕಾಲಕ್ಕೆ ಮದ್ದು ಬಿಟ್ಟವರಿಗೆ ಮಾತ್ರ ಪರಿಹಾರ ಅಂತ ಒಂದು ಷರತ್ತು ಹಾಕಿದರೆ ನನ್ನ ಮೇಜಿನ ಮೇಲಿರುವ ಅರ್ಜಿಗಳಲ್ಲಿ ಎಷ್ಟು ಉಳಿಯುತ್ತವೆ?" ಅವರ ಎದುರಿಗಿರುವುದು ರೋಗ ಬಂದ 64 ತೋಟ ಮಾತ್ರ. ಅವರಿಗೆ ಉತ್ತರ 62.5, ಅಂದರೆ 40 ಅರ್ಜಿ. ಅವರಿಗೆ ಹೋಗಿ ಶೇ. 25 ಅಂತ ಹೇಳಿದರೆ ಏನು ಮಾಡಬೇಕು ಅಂತಲೇ ತಿಳಿಯದು.

ವಾಕ್ಯದಲ್ಲಿ "ಅವರಲ್ಲಿ" ಅನ್ನುವ ಮಾತು ಯಾರ ಮೇಲೆ ಬೀಳುತ್ತದೆ ಅಂತ ನೋಡಿ. "ತಡ ಮಾಡಿದವರಲ್ಲಿ ಎಷ್ಟು ಮಂದಿಗೆ ರೋಗ" ಅಂದರೆ ಕೆಳಗೆ ಬರುವ ಅಂಕಿ 40. "ರೋಗ ಬಂದವರಲ್ಲಿ ಎಷ್ಟು ಮಂದಿ ತಡ" ಅಂದರೆ ಕೆಳಗೆ 64. ಮೇಲಿನ ಅಂಕಿ ಎರಡರಲ್ಲೂ ಅದೇ 24. ಮೊದಲನೆಯದು ಶೇ. 60, ಎರಡನೆಯದು ಶೇ. 37.5. ಪಿವೋಟ್ ತಮ್ಮನಿಗೆ ಒಂದು ಮಾತು. ಅಡ್ಡಸಾಲು, ಕಾಲಂ ಅಂತ ಬಾಯಿಪಾಠ ಮಾಡಿಸಬೇಡಿ. ನಾಳೆ ಯಾರೋ ಕೋಷ್ಟಕ ತಿರುಗಿಸಿ ಮದ್ದನ್ನು ಮೇಲಿಟ್ಟು, ರೋಗವನ್ನು ಎಡಕ್ಕಿಟ್ಟರೆ ಅದೇ ಬಟನ್ ಒತ್ತಿ ಉಲ್ಟಾ ಉತ್ತರ ತೆಗೆಯುತ್ತಾರೆ.

ಆದರೆ ತಂಗಿ, ಅಡ್ಡಸಾಲಿಗೆ ಹೂಂ ಅನ್ನುವ ಮೊದಲು ನನಗೆ ಒಂದು ಉತ್ತರ ಬೇಕು. ಆ 200 ತೋಟ ನಿಮಗೆ ಸಿಕ್ಕಿದ್ದು ಹೇಗೆ?

---

ಪೆರ್ಲ_ಪಿವೋಟ್

ಕೋಷ್ಟಕ ತಿರುಗಿಸಿದರೆ ಬಟನ್ನೂ ತಿರುಗಿಸಬೇಕು ಅಂತ ನಾನು ಹೇಳದೇ ಬಿಟ್ಟದ್ದು ಅಷ್ಟೇ ಅಕ್ಕ. ಕಾರಣದ ಒಳಗೆ ಶೇಕಡಾ ಅನ್ನುವ ನಿಯಮ ಆಗಲೂ ನಿಲ್ಲುತ್ತದೆ. ಸ್ಯಾಂಪಲ್ ಹೇಗೆ ಸಿಕ್ಕಿತು ಅನ್ನುವುದು ಬೇರೆ ಅಧ್ಯಾಯ. ಅದರಿಂದ ಯಾವ ಶೇಕಡಾ ಅನ್ನುವುದು ಬದಲಾಗುವುದಿಲ್ಲ.

---

ಎಂಕಾಂ_ಕುಂಬಳೆ

ಅಕ್ಕ, ಸ್ಯಾಂಪಲ್ ವಿಷಯ. ಬೆಳೆ ಹಾನಿಗೆ ಅರ್ಜಿ ಕೊಟ್ಟವರ ಪಟ್ಟಿ ಸಿಕ್ಕಿತ್ತು. ಅದರಲ್ಲಿ ಮಾತಿಗೆ ಸಿಕ್ಕಿದವರು 64 ಮಂದಿ. ಅವರೇ "ಮಹಾಳಿ ಜೋರು" ಕಾಲಂ. ಹೋಲಿಕೆಗೆ ರೋಗ ಇಲ್ಲದ ತೋಟಗಳೂ ಬೇಕು ಅಂತ ಗೈಡ್ ಹೇಳಿದ್ದರಿಂದ ಒಬ್ಬೊಬ್ಬರ ಅಕ್ಕಪಕ್ಕದ ಎರಡೆರಡು ತೋಟಕ್ಕೆ ಹೋದೆವು. ಅಲ್ಲಿಗೆ 128 ಆಯಿತು. ಬಸ್ಸಿಗೆ ಕಾಯುವಾಗ ಸಿಕ್ಕಿದ ಇನ್ನೂ 8 ಮಂದಿಯನ್ನು ಸೇರಿಸಿಕೊಂಡು 136.

---

ಲೆಕ್ಕದಕ್ಕ

ಹಾಗಾದರೆ ನಿಮ್ಮ ಶೇ. 60 ಮತ್ತು ಶೇ. 25 ಎರಡನ್ನೂ ವರದಿಯಿಂದ ತೆಗೆಯಬೇಕು. ಬೇಸರ ಬೇಡ, ಯಾಕೆ ಅಂತ ಲೆಕ್ಕ ಮಾಡಿ ತೋರಿಸುತ್ತೇನೆ.

ರೋಗ ಬಂದವರು 64, ಬಾರದವರು 136 ಅನ್ನುವುದು ತೋಟಗಳು ಹೇಳಿದ ಅಂಕಿ ಅಲ್ಲ. ನೀವು ಆರಿಸಿದ್ದು. ಒಬ್ಬರಿಗೆ ಇಬ್ಬರು ಅಂತ ನೀವೇ ತೀರ್ಮಾನಿಸಿದಿರಿ. ನಿಮಗೆ ಹುರುಪು ಜಾಸ್ತಿ ಇದ್ದು, ರೋಗ ಇಲ್ಲದ ತೋಟಗಳಿಗೆ ಇದರ ಎರಡರಷ್ಟು ಹೋಗಿದ್ದಿರಿ ಅಂತ ಇಟ್ಟುಕೊಳ್ಳಿ. ಅದೇ ಊರು, ಅದೇ ಮಳೆ, ಅದೇ ಮದ್ದು. ಆಗ ಆ ಕಾಲಂ ಹೆಚ್ಚು ಕಡಿಮೆ ಹೀಗಿರುತ್ತದೆ:

| | ಮಹಾಳಿ ಜೋರು | ಇಲ್ಲ / ಅಲ್ಪ | ಒಟ್ಟು |
|---|---|---|---|
| ಮಳೆಗೆ ಮೊದಲೇ | 40 | 240 | 280 |
| ತಡ / ಇಲ್ಲ | 24 | 32 | 56 |

ಈಗ ಅಡ್ಡಸಾಲು ತೆಗೆಯಿರಿ. ತಡ ಮಾಡಿದವರಲ್ಲಿ ರೋಗ 24 ಭಾಗಿಸು 56, ಶೇ. 42.9. ಮೊದಲೇ ಬಿಟ್ಟವರಲ್ಲಿ 40 ಭಾಗಿಸು 280, ಶೇ. 14.3. ಮೊದಲು 60 ಇದ್ದದ್ದು 43ಕ್ಕೆ ಇಳಿಯಿತು, 25 ಇದ್ದದ್ದು 14ಕ್ಕೆ ಇಳಿಯಿತು. ರೋಗಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಹೆಚ್ಚು ನಡೆದಿರಿ, ಅಷ್ಟೇ. ನೀವು ಎಷ್ಟು ಬಸ್ ಹತ್ತಿದಿರಿ ಅನ್ನುವುದರ ಮೇಲೆ ಬದಲಾಗುವ ಅಂಕಿ ಮಹಾಳಿಯ ಸಂಭವ ಹೇಗಾದೀತು?

ಕಾಲಂ ಶೇಕಡಾ ನೋಡಿ. ರೋಗ ಬಂದವರಲ್ಲಿ ಮೊದಲೇ ಬಿಟ್ಟವರು 40 ಭಾಗಿಸು 64, ಈಗಲೂ 62.5. ಬಾರದವರಲ್ಲಿ 240 ಭಾಗಿಸು 272, ಈಗಲೂ 88.2. ಅಲುಗಾಡಲಿಲ್ಲ. ಯಾಕೆಂದರೆ ನೀವು ಆರಿಸಿದ್ದು ಕಾಲಂ ಲೆಕ್ಕದಲ್ಲಿ, ತೋಟದವರು ಉತ್ತರ ಹೇಳಿದ್ದು ಕಾಲಂ ಒಳಗೆ.

ಪಿವೋಟ್ ತಮ್ಮಾ, ಅದು ಬೇರೆ ಅಧ್ಯಾಯ ಅಲ್ಲ. ಕೇಳುವ ಪ್ರಶ್ನೆಗೆ ಅಡ್ಡಸಾಲು ಬೇಕು, ಸರ್ವೇ ನಡೆದ ರೀತಿ ಕಾಲಂ ಮಾತ್ರ ಕೊಡುತ್ತದೆ. ಈ ಕೋಷ್ಟಕದ ಕಷ್ಟ ಪೂರ್ತಿ ಅದೇ.

---

ಓದುಗ_ಉಪ್ಪಳ

ಅಂದರೆ ಎಷ್ಟೋ ತೋಟ ಸುತ್ತಿ ಬಂದ ಮಕ್ಕಳಿಗೆ ಬೆಳೆಗಾರನ ಪ್ರಶ್ನೆಗೆ ಉತ್ತರವೇ ಇಲ್ಲವಾ? ಹಾಗಾದರೆ ಆ ಸರ್ವೇ ಯಾಕೆ?

---

ಲೆಕ್ಕದಕ್ಕ

ಒಂದು ಉತ್ತರ ಇದೆ. ಸಂಭವ ಗೊತ್ತಾಗದಿದ್ದರೂ ಎರಡು ಸಾಲಿನ ನಡುವಿನ ಅಂತರ ಗೊತ್ತಾಗುತ್ತದೆ. ಶೇಕಡಾ ಬಿಟ್ಟು "ಒಬ್ಬರಿಗೆ ಎಷ್ಟು ಜನ" ಅಂತ ಲೆಕ್ಕ ಹಾಕಿ. ತಡ ಮಾಡಿದವರಲ್ಲಿ ರೋಗ ಬಾರದ 16 ಮಂದಿಗೆ ಬಂದವರು 24. ಅಂದರೆ ಒಬ್ಬರಿಗೆ ಒಂದೂವರೆ. ಮೊದಲೇ ಬಿಟ್ಟವರಲ್ಲಿ ಬಾರದ 120 ಮಂದಿಗೆ ಬಂದವರು 40. ಒಬ್ಬರಿಗೆ ಮೂರನೇ ಒಂದು. ಒಂದೂವರೆಯನ್ನು ಮೂರನೇ ಒಂದರಿಂದ ಭಾಗಿಸಿದರೆ ನಾಲ್ಕೂವರೆ. ಇದನ್ನೇ ಆಡ್ಸ್ ರೇಶಿಯೋ ಅನ್ನುತ್ತಾರೆ. ಎರಡನೇ ಕೋಷ್ಟಕದಲ್ಲಿ ನೀವೇ ಮಾಡಿ ನೋಡಿ. 24 ಭಾಗಿಸು 32, ಅದನ್ನು 40 ಭಾಗಿಸು 240ರಿಂದ ಭಾಗಿಸಿ. ಅಲ್ಲೂ ನಾಲ್ಕೂವರೆ.

ಇದರಲ್ಲೊಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. "ತಡ ಮಾಡಿದರೆ ರೋಗ ನಾಲ್ಕೂವರೆ ಪಟ್ಟು" ಅಂತ ಬರೆಯಬೇಡಿ. ನಿಮ್ಮ ಮೊದಲ ಕೋಷ್ಟಕದಲ್ಲಿ 60 ಮತ್ತು 25 ನಡುವೆ ಎರಡೂವರೆ ಪಟ್ಟೂ ಇಲ್ಲ, 2.4 ಮಾತ್ರ. ರೋಗ ಬಂದ ತೋಟ ಊರಿನಲ್ಲಿ ತೀರಾ ವಿರಳವಾಗಿದ್ದರೆ ಮಾತ್ರ ಎರಡೂ ಅಂಕಿ ಹತ್ತಿರ ಬರುತ್ತವೆ. ಮಳೆ ಹಿಡಿದ ವರ್ಷ ನಮ್ಮ ಕಡೆ ಮಹಾಳಿ ವಿರಳ ಅಂತ ಯಾರೂ ಹೇಳಲಾರರು.

ಇನ್ನೊಂದು ದಾರಿ ಹೊರಗಿನಿಂದ ಒಂದು ಅಂಕಿ ತರುವುದು. ಆ ಊರುಗಳ ಎಲ್ಲ ತೋಟಗಳಲ್ಲಿ ಎಷ್ಟಕ್ಕೆ ಮಹಾಳಿ ಜೋರಾಗಿತ್ತು ಅಂತ ಗೊತ್ತಿದ್ದರೆ ಕಾಲಂನಿಂದ ಅಡ್ಡಸಾಲಿಗೆ ದಾಟಬಹುದು. ಬರೀ ಲೆಕ್ಕ ತೋರಿಸಲು ಹತ್ತರಲ್ಲಿ ಒಂದು ತೋಟ ಅಂತ ಹಿಡಿಯುತ್ತೇನೆ. ಇದು ನಿಜವಾದ ಅಂಕಿ ಅಲ್ಲ. ಒಟ್ಟು 1000 ತೋಟ ಅಂದರೆ 100ಕ್ಕೆ ರೋಗ, 900ಕ್ಕೆ ಇಲ್ಲ. ರೋಗ ಬಂದ ನೂರರಲ್ಲಿ ತಡ ಮಾಡಿದವರು ನಿಮ್ಮ ಕಾಲಂ ಪ್ರಕಾರ ಶೇ. 37.5, ಅಂದರೆ ಸುಮಾರು 38. ಬಾರದ 900ರಲ್ಲಿ ತಡ ಮಾಡಿದವರು ಶೇ. 11.8, ಸುಮಾರು 106. ತಡ ಮಾಡಿದವರು ಒಟ್ಟು 144, ಅವರಲ್ಲಿ ರೋಗ 38. ಅಂದರೆ ಶೇ. 26. ಅದೇ ರೀತಿ ಮೊದಲೇ ಬಿಟ್ಟವರಲ್ಲಿ ಸುಮಾರು ಶೇ. 7. ನಿಮ್ಮ ವರದಿಯಲ್ಲಿ 60 ಅಂತ ಇದ್ದದ್ದು 26 ಆಗಬಹುದು. ಅದನ್ನು ಓದಿದ ಬೆಳೆಗಾರ ಸುಮ್ನೆ ಹೆದರಿರುತ್ತಿದ್ದ.

---

ಎಂಕಾಂ_ಕುಂಬಳೆ

ಲೆಕ್ಕ ಈಗ ಅರ್ಥವಾಯಿತು ಅಕ್ಕ. ಆದರೆ ಆ ಹೊರಗಿನ ಅಂಕಿ ಎಲ್ಲಿ ಸಿಗುತ್ತದೆ? ಕೃಷಿಭವನದಲ್ಲಿ ಇರುವುದು ಅರ್ಜಿ ಕೊಟ್ಟವರ ಲೆಕ್ಕ ಮಾತ್ರ.

---

ತೋಟದಮನೆ_ಮಾವ

ಅರ್ಜಿ ಕೊಟ್ಟವರು ಅಂದರೆ ರೋಗ ಬಂದವರೆಲ್ಲ ಅಂತ ತಿಳಿಯಬೇಡಿ. ನನ್ನ ತೋಟದಲ್ಲಿ ಎರಡು ವರ್ಷ ಒಂದು ಬದಿ ಪೂರ್ತಿ ಉದುರಿತ್ತು, ನಾನು ಅರ್ಜಿಗೆ ಹೋಗಲಿಲ್ಲ. ತೆರಿಗೆ ರಸೀದಿ, ಫೋಟೋ, ಬ್ಯಾಂಕ್ ಪುಸ್ತಕ ಅಂತ ಓಡಾಡುವವರು ಬೇರೆ ಜಾತಿಯ ಮನುಷ್ಯರು. ಅಂಥವರು ಮದ್ದಿಗೂ ಮೇ ತಿಂಗಳಲ್ಲೇ ಆಳು ಹೇಳಿಟ್ಟಿರುತ್ತಾರೆ. ಸೋಮಾರಿಗಳು ಮದ್ದೂ ಬಿಡುವುದಿಲ್ಲ, ಅರ್ಜಿಯೂ ಹಾಕುವುದಿಲ್ಲ.

ಇನ್ನೊಂದು. ಅಕ್ಕಪಕ್ಕದ ತೋಟ ಅಂದಿರಲ್ಲ, ನಮ್ಮ ಬೈಲಿನಲ್ಲಿ ಮದ್ದಿನವರು ಒಂದು ಕಡೆಯಿಂದ ಶುರು ಮಾಡಿದರೆ ಸಾಲಾಗಿ ನಾಲ್ಕೈದು ಮನೆ ಮುಗಿಸಿಯೇ ಆಚೆ ಹೋಗುವುದು. ನನಗೆ ತಡವಾದರೆ ಪಕ್ಕದವನಿಗೂ ತಡ.

---

ಲೆಕ್ಕದಕ್ಕ

ಮಾವ, ಶೇಕಡಾ ಗೊತ್ತಾಗುವುದಿಲ್ಲ ಅಂದವರು ನೀವೇ ಅಲ್ವಾ? ಇಡೀ ಸರ್ವೇಯ ಎರಡು ದೊಡ್ಡ ತೂತು ತೋರಿಸಿಕೊಟ್ಟಿರಿ.

ಮೊದಲನೆಯದು. ಅರ್ಜಿ ಹಾಕುವವರಲ್ಲಿ ಚುರುಕಿನವರು ಜಾಸ್ತಿ, ಅವರು ಮದ್ದನ್ನೂ ಬೇಗ ಬಿಟ್ಟವರು ಅಂತಾದರೆ, ರೋಗ ಬಂದ ತೋಟಗಳಲ್ಲಿ ಮೊದಲೇ ಬಿಟ್ಟವರ ಪಾಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಆಗ 62.5 ಅನ್ನುವುದೇ ಉಬ್ಬಿದ ಅಂಕಿ. ಕಾಲಂ ಶೇಕಡಾ ಅಲುಗಾಡುವುದಿಲ್ಲ ಅಂತ ನಾನು ಹೇಳಿದ್ದು ಪ್ರತಿ ಕಾಲಂ ಒಳಗೆ ಆಯ್ಕೆ ನ್ಯಾಯವಾಗಿ ನಡೆದಿದ್ದರೆ ಮಾತ್ರ.

ಎರಡನೆಯದು ಪಕ್ಕದ ತೋಟ. ನೆರೆಯ ತೋಟ ತೆಗೆದುಕೊಂಡದ್ದರಲ್ಲಿ ಒಳ್ಳೆಯದೂ ಇದೆ. ಬೈಲಿನ ತೇವ, ಮಂಜು, ಗಾಳಿ ಎರಡೂ ಕಡೆ ಒಂದೇ. ಇಲ್ಲದಿದ್ದರೆ ಗುಡ್ಡದ ತೋಟವನ್ನು ತೋಡಿನ ಬದಿಯ ತೋಟಕ್ಕೆ ಹೋಲಿಸಿದಂತಾಗುತ್ತಿತ್ತು. ಆದರೆ ಮದ್ದಿನವರ ಸರದಿಯೂ ಒಂದೇ ಅಂದರೆ ಯಾವ ವ್ಯತ್ಯಾಸ ಹುಡುಕುತ್ತಿದ್ದೀರೋ ಅದೇ ಅಳಿಸಿಹೋಗುತ್ತದೆ. ಎಲ್ಲ ತೋಟವನ್ನೂ ಒಂದೇ ಕೋಷ್ಟಕಕ್ಕೆ ಸುರಿದರೆ ಅಂತರ ನಿಜಕ್ಕಿಂತ ಕಡಿಮೆ ಕಾಣುವ ಸಂಭವ ಇದೆ. ಜೋಡಿ ಜೋಡಿಯಾಗಿ ಇಟ್ಟು ನೋಡಬೇಕು. ರೋಗ ಬಂದ ತೋಟ ಮತ್ತು ಅದರ ಪಕ್ಕದ ಎರಡು, ಈ ಮೂರರ ಗುಂಪಿನಲ್ಲಿ ಮದ್ದಿನ ಸಮಯ ಬೇರೆ ಬೇರೆ ಇರುವ ಗುಂಪು ಎಷ್ಟಿವೆ? ಮೂವರೂ ಒಂದೇ ವಾರ ಬಿಟ್ಟಿದ್ದರೆ ಆ ಗುಂಪು ಏನನ್ನೂ ಹೇಳುವುದಿಲ್ಲ. ಯಾರು ಯಾರ ಪಕ್ಕದವರು ಅಂತ ಬರೆದಿಟ್ಟಿದ್ದೀರಾ?

---

ಎಂಕಾಂ_ಕುಂಬಳೆ

128ಕ್ಕೆ ಫಾರಂ ಮೇಲೆ ಮೂಲ ತೋಟದ ನಂಬರ್ ಇದೆ. ಬಸ್‌ಸ್ಟ್ಯಾಂಡಿನ 8 ಮಂದಿಗೆ ಇಲ್ಲ.

---

ಲೆಕ್ಕದಕ್ಕ

ಹಾಗಾದರೆ ಜೋಡಿ ಲೆಕ್ಕದಿಂದ ಆ 8 ತೆಗೆಯಿರಿ. ಅವರು ಯಾರ ಹೋಲಿಕೆಗೂ ಬಂದವರಲ್ಲ.

---

ಮುಳ್ಳೇರಿಯ_ಮಾಷ್ಟ್ರು

ಒಂದು ಸಣ್ಣ ಅನುಮಾನ. "ತಡ" ಮತ್ತು "ಬಿಟ್ಟೇ ಇಲ್ಲ" ಎರಡನ್ನೂ ಒಂದೇ ಸಾಲಿಗೆ ಹಾಕಿದ್ದೀರಿ. ಮಹಾಳಿ ಕಾಣಿಸಿಕೊಂಡ ಮೇಲೆ ಹೆದರಿ ಮದ್ದು ಬಿಟ್ಟವರೂ "ತಡ" ಆಗುತ್ತಾರಲ್ಲ? ಅವರಲ್ಲಿ ರೋಗ ಮೊದಲು, ಮದ್ದು ಆಮೇಲೆ. ಅಲ್ಲಿ ಪಿವೋಟ್ ಅವರ ಕಾರಣ ಯಾವುದು, ಪರಿಣಾಮ ಯಾವುದು?

---

ಪೆರ್ಲ_ಪಿವೋಟ್

ಮಾಷ್ಟ್ರೇ, ಅದಕ್ಕೆ ಅವರನ್ನು ಬೇರೆ ಸಾಲು ಮಾಡಬೇಕು. ಮೂರು ಸಾಲಿನ ಕೋಷ್ಟಕ. ನಿಯಮ ಹಾಗೇ ಇರುತ್ತದೆ.

ಅಕ್ಕನ ಎಲ್ಲ ಮಾತೂ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಅಡ್ಡಸಾಲಿನ ಶೇಕಡಾ ವರದಿಯಿಂದ ಪೂರ್ತಿ ತೆಗೆಯಬೇಕಾ? ಕೆಳಗೆ "ಇದು ನಾವು ಆರಿಸಿದ 200 ತೋಟಕ್ಕೆ ಮಾತ್ರ" ಅಂತ ಒಂದು ಟಿಪ್ಪಣಿ ಹಾಕಿದರೆ ಸಾಲದಾ? ಓದುವವರು ಅದನ್ನೇ ಹುಡುಕುತ್ತಾರೆ. ಇಲ್ಲದಿದ್ದರೆ ಮೂಲ ಅಂಕಿ ನೋಡಿ ತಾವೇ ಭಾಗಿಸಿಕೊಳ್ಳುತ್ತಾರೆ.

---

ಲೆಕ್ಕದಕ್ಕ

ಭಾಗಿಸಿಕೊಳ್ಳುವವರನ್ನು ತಡೆಯಲಾಗದು. ಆದರೆ ಕೋಷ್ಟಕದ ಕೆಳಗಿನ ಟಿಪ್ಪಣಿ ವಾಟ್ಸಾಪಿಗೆ ಹೋಗುವುದಿಲ್ಲ, ಅಂಕಿ ಹೋಗುತ್ತದೆ. "ತಡ ಮಾಡಿದರೆ ಶೇ. 60 ಮಹಾಳಿ" ಅಂತ ಬೆಳೆಗಾರರ ಗ್ರೂಪಿನಲ್ಲಿ ಬಂದರೆ ಅದು 200 ತೋಟದ ಆಯ್ಕೆಯ ಅಂಕಿ ಅಂತ ಯಾರಿಗೆ ಗೊತ್ತಾಗುತ್ತದೆ? ನಾನಾದರೆ ಹಾಕುವುದಿಲ್ಲ.

---

ಪೆರ್ಲ_ಪಿವೋಟ್

ನಾನಾದರೆ ಹಾಕುತ್ತೇನೆ, ದೊಡ್ಡ ಅಕ್ಷರದ ಟಿಪ್ಪಣಿ ಜೊತೆ. ಗೈಡ್ ಕೇಳಿದ್ದೂ ಅದನ್ನೇ.

---

ಎಂಕಾಂ_ಕುಂಬಳೆ

ಸದ್ಯಕ್ಕೆ ಕಾಲಂ ಶೇಕಡಾ ಎರಡನ್ನೂ ಪಕ್ಕಪಕ್ಕ ಹಾಕುತ್ತೇನೆ, ಪ್ರತಿ ಕಾಲಂ ಮೇಲೆ ಒಟ್ಟು 64 ಮತ್ತು 136 ಅಂತ ಬರೆದು. ವಾಕ್ಯ ಹೀಗೆ: "ಬೆಳೆ ಹಾನಿಗೆ ಅರ್ಜಿ ಕೊಟ್ಟ 64 ತೋಟಗಳಲ್ಲಿ ಶೇ. 62.5, ಹೋಲಿಕೆಗೆ ಆರಿಸಿದ 136 ತೋಟಗಳಲ್ಲಿ ಶೇ. 88.2 ಮಳೆಗೆ ಮೊದಲೇ ಮದ್ದು ಬಿಟ್ಟಿದ್ದವು." ಗೆಳೆಯ ಇದಕ್ಕೆ ಒಪ್ಪಿದ್ದಾನೆ, ಅವನ 62.5 ಉಳಿಯಿತು ಅಂತ ಖುಷಿ ಬೇರೆ. "ಪ್ರಯೋಜನ ಕಾಣಲಿಲ್ಲ" ಅನ್ನುವ ಸಾಲು ಮಾತ್ರ ಹೊಡೆದುಹಾಕಿದೆ. ಅಡ್ಡಸಾಲಿನ ವಿಷಯ ಗೈಡ್ ಹತ್ತಿರ ಮಾತಾಡಬೇಕು. ಮಾಷ್ಟ್ರು ಕೇಳಿದ್ದಕ್ಕೆ ಹಳೆ ಫಾರಂ ತಿರುವಿ ಹಾಕುತ್ತಿದ್ದೇನೆ. "ತಡ" ಅಂದ ಕೆಲವರು ಅಂಚಿನಲ್ಲಿ ತಿಂಗಳು ಬರೆಸಿದ್ದಾರೆ, ಕೆಲವರು ಇಲ್ಲ.

ಮಾವ, ನಿಮ್ಮ ಕಡೆ ಆ ವರ್ಷ ಮದ್ದಿನವರು ಯಾವಾಗ ಬಂದಿದ್ದರು ಅಂತ ನೆನಪಿದೆಯಾ?

---

ತೋಟದಮನೆ_ಮಾವ

ನೆನಪಿರುವುದು ಏನು, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ನಾಲ್ಕು ಮನೆಯದ್ದೂ ಇದೆ, ಕೂಲಿ ಹಂಚಿಕೊಂಡದ್ದಕ್ಕೆ ಬೇಕಿತ್ತು. ಫೋಟೋ ತೆಗೆಯಲು ಮಗಳು ಸಂಜೆ ಬರಬೇಕು.